ನಿಂತರೆ ಎಂಟು ನಿಮಿಷ

ನಮ್ಮ ಸದಾಶಿವ ಪೇಠದಲ್ಲಿ ಮಧ್ಯಾಹ್ನ 1ರಿಂದ 4ರವರೆಗೆ ಯಾರೂ ಯಾರ ಮನೆಯ ಗಂಟೆಯನ್ನೂ ಒತ್ತುವುದಿಲ್ಲ. ಒತ್ತಬೇಡಿ ಎಂದು ಬಾಗಿಲಲ್ಲೇ ಬರೆದು ತೂಗುಹಾಕಿರುತ್ತಾರೆ. ಅಂಗಡಿಗಳೂ ಆ ಹೊತ್ತಿಗೆ ಅರ್ಧ ಷಟರ್ ಇಳಿಸಿ ಮಲಗುತ್ತವೆ. 26 ವರ್ಷದ ಹಿಂದೆ ಮದುವೆಯಾಗಿ ಇಲ್ಲಿಗೆ ಬಂದಾಗ ನನಗೆ ಇದೊಂದು ಸೊಕ್ಕು ಅನ್ನಿಸಿತ್ತು. ಇಂಡಿ ತಾಲೂಕಿನ ನಮ್ಮ ಊರಲ್ಲಿ ಬಾಗಿಲಿಗೆ ಬಂದವರನ್ನು ನಿದ್ದೆಯ ನೆವದಲ್ಲಿ ತಿರುಗಿ ಕಳಿಸುವುದುಂಟೇ? ಈಗ ಅಪ್ಪ ಅವ್ವ ಇಬ್ಬರೂ ನನ್ನ ಜೊತೆಗಿದ್ದಾರೆ. ಅಪ್ಪನಿಗೆ 81, ಅವ್ವನಿಗೆ 74. ಆ ಬೋರ್ಡನ್ನು ನಾನೂ ತಂದು ಹಾಕಿದ್ದೇನೆ.

ಹೀಗಿದ್ದೂ ಅವರನ್ನು ಪಂಢರಪುರಕ್ಕೆ ಕರೆದುಕೊಂಡು ಹೋಗುವಾಗ ಈ ಮೂರು ತಾಸಿನ ಬುದ್ಧಿಯನ್ನು ಮನೆಯಲ್ಲೇ ಬಿಟ್ಟು ಹೋಗಿದ್ದೆ. ಅದು ಎರಡು ವರ್ಷದ ಹಿಂದಿನ ಮಾತು.

ಅವ್ವನಿಗೆ ಪಂಢರಪುರ ಅಂದರೆ ಬರೀ ಗುಡಿಯಲ್ಲ. ಅವಳ ಅಪ್ಪ ಪ್ರತಿ ಆಷಾಢಕ್ಕೂ ಊರಿನ ದಿಂಡಿಯ ಜೊತೆ ನಡೆದು ಹೋಗುತ್ತಿದ್ದರು. ಭೀಮೆಯ ಈಚೆಗಿನ ನಮ್ಮ ಹಳ್ಳಿಗಳಲ್ಲಿ ವಿಠ್ಠಲನನ್ನು ಪರನಾಡಿನ ದೇವರೆಂದು ಯಾರೂ ಎಣಿಸುವುದಿಲ್ಲ. ಮರಾಠಿ ಸಂತರೇ ಅವನನ್ನು ಕಾನಡಾ ಎಂದು ಕರೆದಿದ್ದಾರೆ. ಅವ್ವ ಚಿಕ್ಕಂದಿನಲ್ಲಿ ಒಮ್ಮೆ ಅಜ್ಜನ ಹೆಗಲ ಮೇಲೆ ಹೋಗಿ ವಿಠ್ಠಲನ ಪಾದ ಮುಟ್ಟಿದ್ದಳಂತೆ. "ತಣ್ಣಗ ಇದ್ದವು, ಅಷ್ಟ ನೆನಪೈತಿ" ಅನ್ನುತ್ತಾಳೆ. ಇನ್ನೊಮ್ಮೆ ಮುಟ್ಟಬೇಕು ಅನ್ನುವುದೊಂದೇ ಅವಳು ನನ್ನ ಬಳಿ ಬಾಯಿಬಿಟ್ಟು ಕೇಳಿದ್ದು.

ಬೆಂಗಳೂರಿನಿಂದ ಅಣ್ಣ ದೀಪಾವಳಿಗೆ ಬಂದಿದ್ದ. ಅವನಿಗೆ ಸಿಕ್ಕಿದ್ದು ಒಂದು ಶನಿವಾರ, ಒಂದು ಭಾನುವಾರ. ಕಾರ್ತಿಕ ಏಕಾದಶಿ ಹತ್ತಿರದಲ್ಲೇ ಇತ್ತು. ಏಕಾದಶಿಯ ದಿನ ಹೋಗುತ್ತಿಲ್ಲವಲ್ಲ ಎಂಬ ಧೈರ್ಯದಲ್ಲಿ ಹೊರಟೆವು. ವಾರಕರಿಗಳು ಏಕಾದಶಿಯ ದಿನವೇ ಬಂದಿಳಿಯುವುದಿಲ್ಲ, ನಾಲ್ಕಾರು ದಿನ ಮೊದಲಿಂದಲೇ ಊರು ತುಂಬುತ್ತದೆ ಎಂಬುದು ನನಗೆ ಗೊತ್ತಿರಬೇಕಿತ್ತು. ವಾರಕರಿಯೊಬ್ಬರ ಮೊಮ್ಮಗಳಲ್ಲವೇ ನಾನು? ಬೆಳಿಗ್ಗೆ 8ಕ್ಕೆ ಸಾಲು ಸೇರಿದೆವು. ಹನ್ನೊಂದರ ಹೊತ್ತಿಗೆ ಸಾಲು ನಿಂತೇಬಿಟ್ಟಿತು. ಒಳಗೆ ಮಹಾನೈವೇದ್ಯ ನಡೆದಿತ್ತು. ಹನ್ನೆರಡು ದಾಟಿದ ಮೇಲೆ ಅಪ್ಪ ಕಂಬಿಯನ್ನು ಹಿಡಿದುಕೊಂಡು ನನ್ನತ್ತ ತಿರುಗಿ ಏನೋ ಹೇಳಲು ಹೋದರು. ಹೇಳಲಾಗದೆ ಮೆಲ್ಲಗೆ ಕುಸಿದರು.

ಹಿಂದಿದ್ದ ಒಬ್ಬ ಮುದುಕಿ ಗಾಬರಿಯಾಗಲಿಲ್ಲ. ತಲೆ ಎತ್ತಿ ಹಿಡಿಯಲು ಹೋದ ನನ್ನ ಕೈ ಸರಿಸಿ ಅಪ್ಪನನ್ನು ಅಂಗಾತ ಮಲಗಿಸಿದಳು. ತನ್ನ ಗಂಟನ್ನು ಅವರ ಕಾಲ ಕೆಳಗೆ ಇಟ್ಟು ಕಾಲೆತ್ತಿದಳು. ಒಂದು ನಿಮಿಷದಲ್ಲಿ ಅಪ್ಪ ಕಣ್ಣು ಬಿಟ್ಟರು. ಸ್ವಯಂಸೇವಕರು ಪಕ್ಕದ ಗೇಟು ತೆಗೆದು ನಮ್ಮನ್ನು ಹೊರಗೆ ಕಳಿಸಿದರು. ಅವ್ವನೂ ಬಂದಳು. ಇನ್ನು ಒಂದು ತಾಸಿನ ದಾರಿ ಉಳಿದಿತ್ತು ಎಂದು ಯಾರೋ ಹೇಳಿದ್ದು ಅವಳ ಕಿವಿಗೂ ಬಿದ್ದಿತ್ತು. ಪುಣೆಗೆ ಬರುವ ತನಕ ಅವಳು ಮಾತಾಡಲಿಲ್ಲ. ಅಪ್ಪ ಹಿಂದಿನ ಸೀಟಿನಲ್ಲಿ "ನಿನ್ನ ದೇವರನ್ನ ನಾನು ಕೆಡಿಸಿದೆ" ಅಂದರು. ಅದಕ್ಕೂ ಅವಳು ಮಾತಾಡಲಿಲ್ಲ.

ಏನಾಗಿತ್ತು ಎಂಬುದು ಮರುದಿನ ನಮ್ಮ ಡಾಕ್ಟರ ಮುಂದೆ ಬಿಚ್ಚಿಕೊಂಡಿತು. ಅಪ್ಪನ ಬೀಪಿ ಗುಳಿಗೆಯಲ್ಲಿ ಮೂತ್ರ ಹೆಚ್ಚಿಸುವ ಔಷಧವೂ ಸೇರಿದೆ. ಸಾಲಿನಲ್ಲಿ ಒತ್ತಡ ಬಂದರೆ ಎಲ್ಲಿ ಹೋಗುವುದು ಎಂಬ ಅಂಜಿಕೆಯಿಂದ ಅವರು ಹಿಂದಿನ ರಾತ್ರಿ ಊಟವಾದ ಮೇಲೆ ಒಂದು ಹನಿ ನೀರು ಕುಡಿದಿರಲಿಲ್ಲ. ಗುಳಿಗೆಯನ್ನು ಮಾತ್ರ ಅರ್ಧ ಗುಟುಕು ಚಹಾದಲ್ಲಿ ನುಂಗಿದ್ದರು. ಒಳಗೆ ನೀರಿಲ್ಲ, ಇದ್ದದ್ದನ್ನೂ ಗುಳಿಗೆ ಹೊರಗೆ ಹಾಕಿದೆ, ನಾಲ್ಕು ತಾಸು ನಿಂತದ್ದಕ್ಕೆ ರಕ್ತ ಕಾಲಿಗೆ ಇಳಿದಿದೆ. ತಲೆಗೆ ಸಿಗುವುದು ಏನು? ಇದನ್ನು ಅವರು ಯಾರಿಗೂ ಹೇಳಿರಲಿಲ್ಲ. ಹೈಸ್ಕೂಲು ಮಾಸ್ತರರಾಗಿ ಮೂವತ್ತು ವರ್ಷ ಮಕ್ಕಳ ಮುಂದೆ ನಿಂತವರು, ಮಗಳ ಮುಂದೆ ಮೂತ್ರದ ಮಾತು ಹೇಗೆ ತೆಗೆದಾರು? ನಾನೂ ಕೇಳಿರಲಿಲ್ಲ. ಹಿರಿಯರ ಜೊತೆ ಹೊರಡುವ ಮೊದಲು ಕೇಳಬೇಕಾದ ಮೊದಲನೆಯ ಪ್ರಶ್ನೆ ಅದೇ ಎಂದು ಈಗ ನನಗೆ ಗೊತ್ತು. ಎಷ್ಟು ದೂರ ನಡೀತೀರಿ ಎಂಬುದು ಆಮೇಲಿನದು.

ಎರಡನೆಯ ಪ್ರಶ್ನೆಯೂ ನನಗೆ ತಪ್ಪಾಗಿಯೇ ತಿಳಿದಿತ್ತು. ಅಪ್ಪ ದಿನಾ ಸಂಜೆ ಪೆರು ಗೇಟಿನ ಕಡೆ ಒಂದು ಸುತ್ತು ಹೋಗಿ ಬರುತ್ತಾರೆ. ಹಾಗಾಗಿ ನಡೆಯುತ್ತಾರೆ, ಗಟ್ಟಿ ಇದ್ದಾರೆ ಎಂದುಕೊಂಡಿದ್ದೆ. ಎಲುಬಿನ ಡಾಕ್ಟರು ಬೇರೆಯೇ ಕೇಳಿದರು: ಎಷ್ಟು ಹೊತ್ತು ಒಂದೇ ಕಡೆ ನಿಲ್ಲುತ್ತಾರೆ? ಯಾರೂ ನೋಡಿರಲಿಲ್ಲ. ಆಮೇಲೆ ಒಂದು ವಾರ ಗಡಿಯಾರ ಹಿಡಿದು ಅವರ ಹಿಂದೆಯೇ ತಿರುಗಿದೆ. ಮನೆಯಿಂದ ಹೊರಟು ತಾವಾಗಿಯೇ ಕೂರಲು ಜಾಗ ಹುಡುಕುವವರೆಗೆ ಅವರು ನಡೆಯುತ್ತಿದ್ದದ್ದು 350 ಮೀಟರಿನ ಆಸುಪಾಸು. ಅಲ್ಲಿ ಒಂದು ಅಂಗಡಿಯ ಮೆಟ್ಟಿಲಿದೆ. ಮೆಟ್ಟಿಲ ಮೇಲೆ ಕೂರಬಾರದೆಂದು ಪುಣೇರಿ ಶೈಲಿಯಲ್ಲಿ ಅಪಮಾನ ಮಾಡುವ ಪಾಟಿಯೂ ಇದೆ. ಅಪ್ಪ ಅದನ್ನು ಓದಿ, ವ್ಯಾಕರಣದ ತಪ್ಪು ತೋರಿಸಿ, ಅದರ ಕೆಳಗೇ ಕೂರುತ್ತಾರೆ. ನಾಲ್ಕು ನಿಮಿಷ ಕೂತರೆ ಮತ್ತೆ 300 ಮೀಟರ್. ಆದರೆ ಹಾಲಿನ ಅಂಗಡಿಯ ಸಾಲಿನಲ್ಲಿ ನಿಲ್ಲಿಸಿ ನೋಡಿದೆ. ಎಂಟನೆಯ ನಿಮಿಷಕ್ಕೆ ಕಾಲು ಬದಲಾಯಿಸತೊಡಗಿದರು. ಹತ್ತಕ್ಕೆ ತೊಡೆಯ ಹಿಂದೆ ಸೆಳೆತ ಶುರುವಾಯಿತು.

ಇದಕ್ಕೆ ಕಾರಣ ಮೊಣಕಾಲಲ್ಲ, ಸೊಂಟ. ವಯಸ್ಸಾದಂತೆ ಬೆನ್ನುಹುರಿಯ ಕೆಳಭಾಗದ ನಾಳ ಕಿರಿದಾಗುತ್ತದೆ. ನೆಟ್ಟಗೆ ನಿಂತಾಗ ಅದು ಇನ್ನಷ್ಟು ಕಿರಿದಾಗಿ ನರಗಳನ್ನು ಒತ್ತುತ್ತದೆ. ಮುಂದಕ್ಕೆ ಬಾಗಿದರೆ, ಕೂತರೆ ನಾಳ ಸಡಿಲಾಗಿ ನೋವು ಇಳಿಯುತ್ತದೆ. ನಿಮ್ಮ ಮನೆಯ ಹಿರಿಯರು ಸೂಪರ್ ಮಾರ್ಕೆಟ್ಟಿನಲ್ಲಿ ಗಾಡಿ ತಳ್ಳುತ್ತಾ ಅರ್ಧ ತಾಸು ಸುಖವಾಗಿ ತಿರುಗಿ, ಬಿಲ್ಲಿನ ಸಾಲಿನಲ್ಲಿ ಐದು ನಿಮಿಷಕ್ಕೇ ಗೊಣಗತೊಡಗಿದರೆ ಅದು ಬೇಸರವಲ್ಲ, ಬಹುಶಃ ಇದೇ ಇರಬಹುದು. ಒಮ್ಮೆ ತೋರಿಸಿ. ಗುಡಿಯ ಸಾಲು ಎಂದರೆ ಹೆಚ್ಚಿನ ಪಾಲು ನಿಲ್ಲುವುದು. ಹತ್ತು ಹೆಜ್ಜೆ ಸರಿದು ಹದಿನೈದು ನಿಮಿಷ ನಿಲ್ಲುವುದು. ನಡೆಯುವ ಲೆಕ್ಕ ಹಿಡಿದು ಅಲ್ಲಿಗೆ ಹೋದ ನಾನು ಅಪ್ಪನನ್ನು ನಾಲ್ಕು ತಾಸು ನಿಲ್ಲಿಸಿದ್ದೆ. ಅವರ ಮಿತಿ ಎಂಟು ನಿಮಿಷ.

ಕಳೆದ ವರ್ಷ ದಸರೆಯ ಹೊತ್ತಿಗೆ ಅವ್ವನೇ ಮಾತು ತೆಗೆದಳು. "ಯವ್ವಾ, ಇನ್ನೊಂದ್ ಸಲ ಹೋಗೋಣೇನ? ಇವರನ್ನ ಬಿಟ್ಟು ನಾವಿಬ್ಬರ ಹೋಗೋಣು." ಅಪ್ಪ ಒಳಗಿನಿಂದ, "ನಾ ಬರೂದಿಲ್ಲ ಅಂದೆನೇನ?" ಅಂದರು.

ಅಣ್ಣನಿಗೆ ಹೇಳಿದೆ. ಎರಡೇ ದಿನದಲ್ಲಿ ಅವನಿಂದ ಒಂದು ಪಟ್ಟಿ ಬಂತು. ಪಂಢರಪುರ, ಅಕ್ಕಲಕೋಟ, ತುಳಜಾಪುರ, ಗಾಣಗಾಪುರ, ನಡುವೆ ಸೊಲ್ಲಾಪುರದ ಸಿದ್ಧೇಶ್ವರ, ನಾಲ್ಕು ದಿನ. ನಕಾಶೆಯಲ್ಲಿ ನೋಡಿದರೆ ಎಲ್ಲವೂ ಸೊಲ್ಲಾಪುರದ ಸುತ್ತಲೇ ಇವೆ, ಅವನ ತಪ್ಪೂ ಅಲ್ಲ. ತುಳಜಾಪುರಕ್ಕೆ ಸೊಲ್ಲಾಪುರದಿಂದ 45 ಕಿ.ಮೀ., ದಾರಿಯೂ ಚೆನ್ನಾಗಿದೆ. ಆದರೆ ಅಂಬಾಭವಾನಿಯ ಗುಡಿ ತಗ್ಗಿನಲ್ಲಿದೆ. ಮಹಾದ್ವಾರದಿಂದ ಮೆಟ್ಟಿಲಿಳಿದು, ಕಲ್ಲೋಳ ತೀರ್ಥ, ಗೋಮುಖ ತೀರ್ಥ ದಾಟಿ ಇನ್ನೂ ಇಳಿಯಬೇಕು. ಬೆಟ್ಟದ ಮೇಲಿನ ಗುಡಿಯಲ್ಲಿ ಏರಲಾಗದಿದ್ದರೆ ಅರ್ಧಕ್ಕೇ ಗೊತ್ತಾಗಿ ತಿರುಗಿ ಬರಬಹುದು. ತಗ್ಗಿನ ಗುಡಿ ಹಾಗಲ್ಲ, ಇಳಿಯುವಾಗ ಸುಲಭವೆನಿಸಿ ಒಳಗೆ ಎಳೆದುಕೊಳ್ಳುತ್ತದೆ. ದರ್ಶನ ಮುಗಿದು ಕಾಲು ಸೋತ ಮೇಲೆ ಏರು ಬರುತ್ತದೆ. ಮೊಣಕಾಲಿನವರಿಗೆ ಇಳಿಯುವುದೇ ಹೆಚ್ಚು ನೋವು ಎಂಬುದು ಬೇರೆ. ತುಳಜಾಪುರವನ್ನು ಪಟ್ಟಿಯಿಂದ ತೆಗೆದೆ. ಅವ್ವ ಒಂದು ದಿನ ಮುಖ ಊದಿಸಿಕೊಂಡಿದ್ದಳು. ಆಮೇಲೆ, ನವರಾತ್ರಿಗೆ ಹೊರಟಿದ್ದ ನನ್ನ ಚಿಕ್ಕಮ್ಮನ ಕೈಯಲ್ಲಿ ದೇವಿಯ ಉಡಿ ತುಂಬಲು ಖಣ, ತೆಂಗಿನಕಾಯಿ ಕೊಟ್ಟು ಕಳಿಸಿ ಸಮಾಧಾನ ಮಾಡಿಕೊಂಡಳು. ಸಿದ್ಧೇಶ್ವರನನ್ನೂ ಬಿಟ್ಟೆವು. ಉಳಿದದ್ದು ಪಂಢರಪುರ, ಗಾಣಗಾಪುರ, ಸಾಧ್ಯವಾದರೆ ಅಕ್ಕಲಕೋಟ. ದಿನ ನಾಲ್ಕಲ್ಲ, ಆರು.

ದಿನ ಆರಿಸುವುದಕ್ಕೆ ನನಗೆ ಪಂಚಾಂಗವೂ ಬೇಕಾಯಿತು, ಕ್ಯಾಲೆಂಡರೂ ಬೇಕಾಯಿತು. ಒಳ್ಳೆಯ ದಿನ ಹುಡುಕುವುದಕ್ಕಲ್ಲ, ಒಳ್ಳೆಯ ದಿನಗಳನ್ನು ತಪ್ಪಿಸುವುದಕ್ಕೆ. ಪಂಢರಪುರದಲ್ಲಿ ಆಷಾಢ, ಕಾರ್ತಿಕ, ಮಾಘ, ಚೈತ್ರ ಈ ನಾಲ್ಕು ಯಾತ್ರೆಗಳು, ಪ್ರತಿ ಏಕಾದಶಿ, ಅಧಿಕ ಮಾಸ, ಶನಿವಾರ, ಭಾನುವಾರ, ಶಾಲೆಯ ರಜೆ ಬಿಡಬೇಕು. ಸಂಕ್ರಾಂತಿಯಲ್ಲಿ ರುಕ್ಮಿಣಿಗೆ ಬಾಗಿನ ಕೊಡಲು ಹೆಂಗಸರ ದೊಡ್ಡ ಸಾಲು, ಅದೂ ಬೇಡ. ಗಾಣಗಾಪುರದಲ್ಲಿ ಗುರುವಾರ, ಹುಣ್ಣಿಮೆ, ಅಮಾವಾಸ್ಯೆ ಬಿಡಬೇಕು. ಬೇಸಿಗೆಯಲ್ಲಿ ಕಲ್ಲಿನ ನೆಲದ ಮೇಲೆ ಬರಿಗಾಲು ಸುಡುತ್ತದೆ. ಅವ್ವನಿಗೆ ಸಕ್ಕರೆ ಕಾಯಿಲೆ, ಪಾದದ ಸ್ಪರ್ಶ ಮಂದವಾಗಿದೆ. ಸುಟ್ಟದ್ದು ಅವಳಿಗೆ ಗೊತ್ತೇ ಆಗುವುದಿಲ್ಲ, ಸಂಜೆ ಬೊಬ್ಬೆ ಬಂದಾಗಲೇ ಗೊತ್ತಾಗುವುದು. ಇಷ್ಟೆಲ್ಲ ಕಳೆದು ಉಳಿದದ್ದು ಸಂಕ್ರಾಂತಿಗೂ ಮಾಘ ಏಕಾದಶಿಗೂ ನಡುವಿನ ಒಂದು ವಾರ. ಸೋಮವಾರ ಹೊರಡುವುದು, ಮಂಗಳವಾರ ಪಂಢರಪುರದ ದರ್ಶನ, ಬುಧವಾರ ಸುಮ್ಮನಿರುವುದು, ಗುರುವಾರ ಸೊಲ್ಲಾಪುರಕ್ಕೆ ಹೋಗಿ ಮಲಗುವುದು, ಶುಕ್ರವಾರ ಗಾಣಗಾಪುರ, ಶನಿವಾರ ಮನೆ.

ಗುಡಿಯಲ್ಲಿ ಏನು ನಡೆದಿದೆ ಎಂದು ಹೊರಡುವ ವಾರ ಮತ್ತೊಮ್ಮೆ ನೋಡಿಕೊಳ್ಳಬೇಕು. 2024ರಲ್ಲಿ ಗರ್ಭಗುಡಿಯ ಸಂರಕ್ಷಣೆಯ ಕೆಲಸಕ್ಕಾಗಿ ಮಾರ್ಚ್ ಮಧ್ಯದಿಂದ ಜೂನ್ ಆರಂಭದವರೆಗೆ ಪಾದಸ್ಪರ್ಶ ನಿಂತೇ ಹೋಗಿತ್ತು. ಪಾದ ಮುಟ್ಟಬೇಕೆಂದೇ ಹೋದವರಿಗೆ ಅದು ಬಾಗಿಲಲ್ಲಿ ಗೊತ್ತಾಗುವ ಸುದ್ದಿಯಾಗಬಾರದು. ಮಂದಿರ ಸಮಿತಿಯ ಜಾಲತಾಣದಲ್ಲಿ ದರ್ಶನಕ್ಕೆ ಮುಂಗಡ ಹೆಸರು ಬರೆಸುವ ವ್ಯವಸ್ಥೆಯೂ ಇದೆ. ನಿಯಮ ಆಗಾಗ ಬದಲಾಗುತ್ತದೆ. ಹೆಸರು ಬರೆಸಿದರೆ ಸಾಲು ಕಡಿಮೆಯಾಗುತ್ತದೆ, ಇಲ್ಲವಾಗುವುದಿಲ್ಲ.

ಕೋಣೆ ಕಾದಿರಿಸಲು ನಾನು ಪಟ್ಟ ಪಾಡನ್ನು ನಗಬೇಡಿ. ಎಲ್ಲ ಕಡೆ "ಕಮೋಡ್ ಇದೆಯಾ" ಎಂದು ಕೇಳಿದರೆ ಎಲ್ಲರೂ "ಇದೆ" ಅನ್ನುತ್ತಾರೆ. ಹೋಗಿ ನೋಡಿದರೆ ಅದು ಮೊದಲನೆಯ ಮಹಡಿಯಲ್ಲಿರುತ್ತದೆ, ಅಥವಾ ಬಚ್ಚಲಿನ ಹೊಸ್ತಿಲು ಒಂದಡಿ ಎತ್ತರ ಇರುತ್ತದೆ. ಹಾಗಾಗಿ ಮೂರು ಫೋಟೋ ಕೇಳಿದೆ: ಬಚ್ಚಲ ಬಾಗಿಲು ಕೆಳಗಿನ ಹೊಸ್ತಿಲ ಸಮೇತ, ಕಮೋಡು ಪಕ್ಕದ ಗೋಡೆಯ ಸಮೇತ, ಮಂಚದ ಪಕ್ಕ ಒಬ್ಬರು ನಿಂತದ್ದು. ಮಂಚ ಮೊಣಕಾಲಿಗಿಂತ ತಗ್ಗಿದ್ದರೆ ಅಪ್ಪ ರಾತ್ರಿ ಏಳುವಾಗ ಯಾರನ್ನಾದರೂ ಕರೆಯಬೇಕು, ಕರೆಯುವ ಮನುಷ್ಯ ಅವರಲ್ಲ. ಮೂರನೆಯ ಫೋಟೋ ಕೇಳಿದ್ದಕ್ಕೆ ಇಬ್ಬರು ಫೋನು ಇಟ್ಟುಬಿಟ್ಟರು. ಮೂರನೆಯವರು ಕಳಿಸಿದರು, ಅಲ್ಲೇ ಇಳಿದುಕೊಂಡೆವು.

ಇನ್ನು ಸ್ಟೂಲು. ಅಪ್ಪ ಗಾಲಿಕುರ್ಚಿಗೆ ಒಪ್ಪಲಿಲ್ಲ. ಪಂಢರಪುರದ ಓಣಿಗಳ ಕಲ್ಲು, ಗಟಾರ, ಹೊಸ್ತಿಲುಗಳಲ್ಲಿ ಅದು ಎಷ್ಟು ಓಡುತ್ತಿತ್ತೋ ಅದೂ ಅನುಮಾನವೇ. ಮಡಚುವ ಸ್ಟೂಲಿಗೆ ಒಪ್ಪಿದರು. ನಾನು ಮೊದಲು ತಂದದ್ದು ಹಗುರವಾದ, ಅಂದವಾದ, ಒಂದಡಿ ಎತ್ತರದ್ದು. ಅಪ್ಪ ಕೂತರು, ಏಳಲಾಗಲಿಲ್ಲ. ಕೂರುವ ಜಾಗ ಮೊಣಕಾಲಿನಷ್ಟು ಎತ್ತರ ಇರಬೇಕು. ನಮ್ಮಪ್ಪನಿಗೆ ಅದು 46 ಸೆಂಟಿಮೀಟರ್. ಅದಕ್ಕಿಂತ ತಗ್ಗಿದ್ದರೆ ಅದು ಆಸನವಲ್ಲ, ಬೋನು. ಎರಡನೆಯದನ್ನು ಟೇಪು ಹಿಡಿದು ಅಳೆದು ತಂದೆ. ತಿಲಕ ರಸ್ತೆಯಲ್ಲಿ ಎರಡು ಸಂಜೆ ತಾಲೀಮು ನಡೆಯಿತು. ಏಳು ನಿಮಿಷ ನಿಲ್ಲುವುದು, ಮೂರು ನಿಮಿಷ ಕೂರುವುದು. ನೋವು ಬಂದ ಮೇಲೆ ಕೂರುವುದಲ್ಲ, ಬರುವ ಮೊದಲೇ ಕೂರುವುದು. ಹೀಗೆ ಮಾಡಿದರೆ 40 ನಿಮಿಷ ದಾಟುತ್ತಿದ್ದರು. ಅಂದರೆ ಅವರಿಗೆ 40 ನಿಮಿಷದ ಸಾಲು ಸಾಧ್ಯ, ಎರಡು ತಾಸಿನದು ಸಾಧ್ಯವಿಲ್ಲ.

ವಿಠ್ಠಲನಿಗೆ ಎರಡು ಬಗೆಯ ದರ್ಶನ ಇದೆ ಎಂಬುದು ಆಗ ನಮ್ಮ ಕೈಹಿಡಿಯಿತು. ಒಂದು ಪಾದಸ್ಪರ್ಶ, ದರ್ಶನ ಮಂಟಪದ ಉದ್ದನೆಯ ಸಾಲು ಸುತ್ತಿ ಗರ್ಭಗುಡಿಯೊಳಗೆ ಹೋಗಿ ಪಾದದ ಮೇಲೆ ತಲೆ ಇಡುವುದು. ಇನ್ನೊಂದು ಮುಖದರ್ಶನ, ಸ್ವಲ್ಪ ದೂರದಿಂದ ಮುಖ ನೋಡಿ ಬರುವುದು. ಇದರ ಸಾಲು ಬೇರೆ, ಬಹಳ ಚಿಕ್ಕದು. ಅವ್ವನಿಗೆ ಮೊದಲನೆಯದು, ಅಪ್ಪನಿಗೆ ಎರಡನೆಯದು ಎಂದೆ. ಇಬ್ಬರೂ ಒಟ್ಟಿಗೇ ಹೋಗಬೇಕೆಂದು ನಾವು ಯಾಕೆ ಹಟ ಹಿಡಿಯುತ್ತೇವೋ! ಅಪ್ಪ ಮಾತ್ರ ಗೋಡೆ ನೋಡುತ್ತಾ, "ದೂರದಿಂದ ನೋಡಿದ್ದು ದರ್ಶನ ಹೆಂಗಾದೀತು" ಅಂದರು.

ಉತ್ತರ ಕೊಟ್ಟದ್ದು ಅವ್ವ. "ನಮ್ಮಪ್ಪ ಆಷಾಢಕ್ಕ ನಡದು ಹೋದರಲ್ಲ, ಎಷ್ಟ್ ಸಲ ಒಳಗ ಹೋಗ್ಯಾರ ಅಂತ ಮಾಡೀರಿ? ಕಳಸ ನೋಡಿ, ನಾಮದೇವನ ಪಾವಟಿಗಿ ಮುಟ್ಟಿ ತಿರುಗಿ ಬರ್ತಿದ್ರು." ಅದು ನಿಜ. ಆಷಾಢದ ಜಂಗುಳಿಯಲ್ಲಿ ನೂರಾರು ಮೈಲಿ ನಡೆದು ಬಂದವರಲ್ಲಿ ಬಹಳ ಮಂದಿ ಒಳಗೆ ಹೋಗುವುದೇ ಇಲ್ಲ. ಚಂದ್ರಭಾಗೆಯಲ್ಲಿ ಮಿಂದು, ಮಹಾದ್ವಾರದ ನಾಮದೇವನ ಮೆಟ್ಟಿಲಿಗೆ ಹಣೆ ಹಚ್ಚಿ, ಶಿಖರ ನೋಡಿ ಕೈಮುಗಿದು ಊರ ದಾರಿ ಹಿಡಿಯುತ್ತಾರೆ. ಅಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ದು, ಮಾಸ್ತರರಾಗಿ, ಚೋಖಾಮೇಳನ ಸಮಾಧಿಯೂ ಆ ಮೆಟ್ಟಿಲ ಎದುರಿಗೇ ಇದೆ, ಅವನನ್ನು ಒಳಗೆ ಬಿಟ್ಟವರೇ ಯಾರು, ದಲಿತರಿಗೆ ಆ ಬಾಗಿಲು ತೆಗೆಸಲು ಸಾನೆ ಗುರೂಜಿ 1947ರಲ್ಲಿ ಉಪವಾಸ ಕೂರಬೇಕಾಯಿತು ಎಂದು ಅರ್ಧ ತಾಸು ಪಾಠ ಮಾಡಿದರು. ಒಪ್ಪಿದರು ಎಂದು ನಾವು ಅರ್ಥ ಮಾಡಿಕೊಂಡೆವು.

ಡಾಕ್ಟರು ದರ್ಶನದ ದಿನ ಮಾತ್ರ ಗುಳಿಗೆಯ ಹೊತ್ತನ್ನು ಬದಲಿಸಿ ಬರೆದುಕೊಟ್ಟರು. ನೀವಾಗಿಯೇ ನಿಲ್ಲಿಸಬೇಡಿ ಎಂದು ಎರಡು ಸಲ ಹೇಳಿದರು. ಅವ್ವನ ಸಕ್ಕರೆ ಗುಳಿಗೆಗೂ ಅದೇ ಮಾತು: ಗುಳಿಗೆ ತಗೊಂಡ ಮೇಲೆ ಉಪವಾಸವಿಲ್ಲ, ಉಪವಾಸವಿದ್ದರೆ ಗುಳಿಗೆಯ ಪ್ರಮಾಣ ಕೇಳದೆ ಹೋಗುವಂತಿಲ್ಲ. ದೇವರ ಮುಖ ನೋಡುವ ಮುಂಚೆ ಏನೂ ತಿನ್ನುವುದಿಲ್ಲ ಎಂಬ ಅವಳ ನೇಮಕ್ಕೆ ಒಂದು ಲೋಟ ಹಾಲು, ಎರಡು ರಾಜಗಿರಿ ಲಾಡು ಎಂದು ರಾಜಿಯಾಯಿತು.

ಸೋಮವಾರ ಟೆಂಭುರ್ಣಿಯ ದಾರಿಯಲ್ಲಿ ಹೋದೆವು. ಪುಣೆಯಿಂದ ಪಂಢರಪುರ ಸುಮಾರು 210 ಕಿ.ಮೀ. ಒಂದೂವರೆ ತಾಸಿಗೊಮ್ಮೆ, ಯಾರೂ ಕೇಳದಿದ್ದರೂ, ಕಾರು ನಿಲ್ಲಿಸುವುದೆಂದು ಮೊದಲೇ ತೀರ್ಮಾನವಾಗಿತ್ತು. ಕೇಳಿದರೆ ನಿಲ್ಲಿಸೋಣ ಎಂದರೆ ಅಪ್ಪ ಕೇಳುವುದೇ ಇಲ್ಲ, ಮತ್ತೆ ನೀರು ಬಿಡುತ್ತಾರೆ. ನಿಲ್ಲಿಸಿದಾಗ ನನ್ನ ಗಂಡನೇ ಮೊದಲು ಇಳಿದು "ನಾನು ಹೋಗಿ ಬರ್ತೀನಿ ಮಾವ" ಅನ್ನುತ್ತಿದ್ದರು. ಅಪ್ಪ "ಹಂಗಾದ್ರ ನಾನೂ ಬರ್ತೀನಿ" ಎಂದು ಹೊರಡುತ್ತಿದ್ದರು. ಆ ದಿನ ಊರು ಸೇರಿದ ಮೇಲೆ ಎಲ್ಲಿಗೂ ಹೋಗಲಿಲ್ಲ. ಗುಡಿ ಅಷ್ಟು ಹತ್ತಿರವಿದ್ದೂ ಕೋಣೆಯಲ್ಲಿ ಕೂತಿರುವುದು ಅವ್ವನಿಗೆ ಮಹಾ ಸಂಕಟವಾಯಿತು. "ಬರೇ ಕಳಸ ನೋಡಿ ಬರ್ತೀನಿ" ಎಂದು ನಾಲ್ಕು ಸಲ ಕೇಳಿದಳು. ಬಿಡಲಿಲ್ಲ. ಸಂಜೆ ನಾನೊಬ್ಬಳೇ ಹೋಗಿ ದಾರಿ ನೋಡಿ ಬಂದೆ. ಕಾರು ಎಲ್ಲಿಯವರೆಗೆ ಬರುತ್ತದೆ, ಅಲ್ಲಿಂದ ಆಟೋ ಎಷ್ಟು ದೂರ ಬಿಡುತ್ತಾರೆ, ಚಪ್ಪಲಿ ಎಲ್ಲಿ ಬಿಡಬೇಕು. ಬರಿಗಾಲಿನ ನಡಿಗೆ ಶುರುವಾಗುವುದು ಗುಡಿಯ ಬಾಗಿಲಿನಿಂದಲ್ಲ, ಚಪ್ಪಲಿ ಸ್ಟ್ಯಾಂಡಿನಿಂದ. ಆಮೇಲೆ ದರ್ಶನ ಮುಗಿಸಿ ಹೊರಬರುತ್ತಿದ್ದ ಹತ್ತಾರು ಜನರನ್ನು "ನೀವು ಎಷ್ಟು ಗಂಟೆಗೆ ಸಾಲು ಸೇರಿದ್ದಿರಿ" ಎಂದು ಕೇಳಿದೆ. ಸಾಲಿನ ಉದ್ದ ನೋಡಿ ಹೊತ್ತು ಹೇಳಲಾಗದು, ಅದು ಒಳಗೆ ಮಡಚಿಕೊಂಡಿರುತ್ತದೆ. ಹೊರಬರುವವರ ಮಾತೇ ಸರಿಯಾದ ಲೆಕ್ಕ.

ಮಂಗಳವಾರ ನಸುಕಿನಲ್ಲಿ ಅವ್ವ, ನಾನು ಇಬ್ಬರೇ ಹೊರಟೆವು. ಅವಳಿಗೆ ಅಂಟು ತಳದ ದಪ್ಪ ಕಾಲುಚೀಲ, ಸೆರಗಿನಲ್ಲಿ ಸಕ್ಕರೆ ಪೊಟ್ಟಣ. ಐದೂಕಾಲಿಗೆ ಸಾಲು ಸೇರಿದ್ದು ಏಳೂವರೆಗೆ ಗರ್ಭಗುಡಿ ಮುಟ್ಟಿತು. ಪುರಂದರದಾಸರನ್ನು ಕಟ್ಟಿಹಾಕಿದ್ದರೆಂದು ನಮ್ಮ ಕಡೆಯವರು ಹೇಳುವ ಕಂಬವನ್ನು ಅವಳು ತಬ್ಬಿಕೊಂಡಳು, ಬಿಡಿಸಿಕೊಂಡು ಮುಂದೆ ನಡೆಸಬೇಕಾಯಿತು. ಒಳಗೆ ನಿಲ್ಲಲು ಸಿಗುವುದು ಎರಡು ಉಸಿರಿನಷ್ಟು ಹೊತ್ತು. ಅವಳು ತಲೆ ಇಟ್ಟಳು, ಕೈ ಇಟ್ಟಳು, ಸರಿಸಿದರು, ಸರಿದಳು. ರುಕ್ಮಿಣಿಯ ಗುಡಿ ಅದೇ ಆವರಣದ ಹಿಂಬದಿಯಲ್ಲಿದೆ, ಅಲ್ಲೂ ನಿಂತು ಹೊರಬಂದಾಗ ಎಂಟು ದಾಟಿತ್ತು. "ತಣ್ಣಗ ಅದಾವ?" ಎಂದು ಕೇಳಿದೆ. "ಬೆಚ್ಚಗಿದ್ವು. ಎಷ್ಟ್ ಮಂದಿ ತಲಿ ಇಟ್ಟಾರ" ಅಂದಳು.

ನಾನು ಫೋನು ಮಾಡಿದ ಮೇಲೆ ನನ್ನ ಗಂಡ ಅಪ್ಪನನ್ನು ಕರೆದುಕೊಂಡು ಬಂದರು. ಹನ್ನೊಂದರ ನೈವೇದ್ಯಕ್ಕೆ ಇನ್ನೂ ಎರಡು ತಾಸಿತ್ತು, ಸಾಲು ನಿಲ್ಲುವ ಭಯವಿರಲಿಲ್ಲ. ನಾಮದೇವನ ಮೆಟ್ಟಿಲ ಮುಂದೆ ಅಪ್ಪ ಬಾಗಲಾರದೆ ಸ್ಟೂಲು ಹಾಕಿ ಕೂತು, ಕೋಲಿನಿಂದ ಅಲ್ಲ, ಕೈಚಾಚಿ ಮುಟ್ಟಿದರು. ಮುಖದರ್ಶನಕ್ಕೆ 25 ನಿಮಿಷ ಹಿಡಿಯಿತು. ಮೂರು ಸಲ ಕೂತರು. ಹೊರಗೆ ಬಂದು ಒಂದಿಡೀ ಬಾಟಲಿ ನೀರು ಕುಡಿದರು.

ಬುಧವಾರದ ಬಗ್ಗೆ ಹೇಳುವುದಕ್ಕೆ ಏನೂ ಇಲ್ಲ, ಹಾಗಿರಲೆಂದೇ ಅದನ್ನು ಇಟ್ಟದ್ದು. ಆದರೂ ಒಂದು ಮಾತು. ವಿಶ್ರಾಂತಿಯ ದಿನವನ್ನು ದರ್ಶನದ ಮರುದಿನ ಇಡಬೇಕೆಂದು ಡಾಕ್ಟರು ಹೇಳಿದಾಗ ನನಗೆ ಯಾಕೆಂದು ತಿಳಿದಿರಲಿಲ್ಲ. ಸವೆದ ಕೀಲು ಅದೇ ದಿನ ದೂರು ಹೇಳುವುದಿಲ್ಲ, ರಾತ್ರಿ ಕಳೆದು ಊದಿಕೊಳ್ಳುತ್ತದೆ. ಮಂಗಳವಾರ ಸಂಜೆ ಅಪ್ಪ ಹುರುಪಿನಲ್ಲಿ "ನಾಳೆ ಗೋಪಾಳಪುರಕ್ಕೂ ಹೋಗೋಣು" ಅಂದಿದ್ದರು. ಬುಧವಾರ ಬೆಳಿಗ್ಗೆ ಮಂಚದಿಂದ ಎದ್ದ ಮೇಲೆ ಮೊಣಕಾಲು ಸಡಿಲಾಗಲು ಮುಕ್ಕಾಲು ತಾಸು ಬೇಕಾಯಿತು. ಮನೆಯಲ್ಲಿ ಹತ್ತು ನಿಮಿಷ ಸಾಕು. ನಾನು ಈಗ ನೋಡುವ ಅಳತೆ ಅದೊಂದೇ: ಬೆಳಗಿನ ಬಿಗಿತ ದಿನಕ್ಕಿಂತ ಉದ್ದವಾಗಿದ್ದರೆ ಆ ದಿನ ಎಲ್ಲಿಗೂ ಇಲ್ಲ. ಹತ್ತಿರದ ಚಿಕ್ಕ ಗುಡಿಯೂ ಇಲ್ಲ, ಪೇಟೆಯೂ ಇಲ್ಲ. ವಿಶ್ರಾಂತಿಯ ದಿನವನ್ನು ತಿಂದುಹಾಕುವುದು ಈ "ಇಲ್ಲೇ ಐತಿ, ಹೋಗಿ ಬರೋಣು" ಎಂಬ ಗುಡಿಗಳೇ. ಇಬ್ಬರೂ ಮಧ್ಯಾಹ್ನ 1ರಿಂದ 4ರವರೆಗೆ ಸದಾಶಿವ ಪೇಠದವರಂತೆ ಮಲಗಿದರು.

ಗುರುವಾರ ಸೊಲ್ಲಾಪುರಕ್ಕೆ 70 ಚಿಲ್ಲರೆ ಕಿ.ಮೀ., ಲಿಫ್ಟ್ ಇರುವ ಹೋಟೆಲು. ಅಕ್ಕಲಕೋಟವನ್ನು ಬಿಟ್ಟೆವು. ಗುರುವಾರ ಅಲ್ಲಿಯ ಜನಸಂದಣಿಯ ದಿನ, ಶುಕ್ರವಾರ ಎರಡೂ ಸೇರಿಸಿದರೆ ಅವ್ವನಿಗೆ ಭಾರ. ಅಣ್ಣ ಫೋನಿನಲ್ಲಿ "ದಾರಿಯಲ್ಲೇ ಇದೆಯಲ್ಲ" ಅಂದ. ದಾರಿಯಲ್ಲೇ ಇದೆ, ನಿಜ.

ಗಾಣಗಾಪುರಕ್ಕೆ ಬೆಳಿಗ್ಗೆ ಏಳಕ್ಕೆ ಹೊರಟೆವು. ಅಫಜಲಪುರ ತಾಲೂಕು ಬಂತೆಂದರೆ ಬೋರ್ಡುಗಳೆಲ್ಲ ಕನ್ನಡವಾದವು, ಅಪ್ಪ ಒಂದೊಂದನ್ನೂ ಜೋರಾಗಿ ಓದಿದರು. ಅಲ್ಲಿ ತಿಳಿದಿರಬೇಕಾದದ್ದು, ಕ್ಷೇತ್ರ ಎರಡು ತುಂಡಾಗಿದೆ. ನಿರ್ಗುಣ ಪಾದುಕೆಯ ಮಠ ಊರೊಳಗೆ, ಭೀಮಾ ಅಮರಜಾ ಸಂಗಮ ಸುಮಾರು ಮೂರು ಕಿ.ಮೀ. ಆಚೆ. ಹೊಳೆಗೆ ಮೆಟ್ಟಿಲು ಇಳಿಯಬೇಕು. ಅಪ್ಪ ಕಾರಿನ ಬಾಗಿಲು ತೆರೆದು ಕೂತೇ ಹೊಳೆ ನೋಡಿದರು, ಅವ್ವ ಒಂದು ಚೊಂಬು ನೀರು ತಂದು ಅವರ ತಲೆಗೆ ಚಿಮುಕಿಸಿದಳು. ಮಠದಲ್ಲಿ ಶುಕ್ರವಾರವಾದ್ದರಿಂದ ಅಪ್ಪನಿಗೂ ಸಾಲು ದಕ್ಕಿತು.

ಅವ್ವನಿಗೆ ಅಲ್ಲಿ ಬೇಕಿದ್ದದ್ದು ಬೇರೆ. ಗಾಣಗಾಪುರದಲ್ಲಿ ಮಧ್ಯಾಹ್ನ ದತ್ತಾತ್ರೇಯ ಭಿಕ್ಷೆಗೆ ಬರುತ್ತಾನೆಂದು ನಂಬಿಕೆ. ಯಾವ ರೂಪದಲ್ಲಿ ಎಂದು ಗೊತ್ತಿಲ್ಲವಾದ್ದರಿಂದ ಬಂದ ಯಾತ್ರಿಕರೆಲ್ಲ ಜೋಳಿಗೆ ಹಿಡಿದು ಕನಿಷ್ಠ ಐದು ಕಡೆ ಮಾಧುಕರಿ ಬೇಡುತ್ತಾರೆ. ಬೇಡದವರು ನೀಡುತ್ತಾರೆ. ಆ ಹೊತ್ತಿಗೆ ಓಣಿಗಳಲ್ಲಿ ನಡೆದಾಡಬೇಕು, ಗದ್ದಲವಿರುತ್ತದೆ, ಬಿಸಿಲೂ ಇರುತ್ತದೆ. ಅಪ್ಪನನ್ನು ಕಾರಿನಲ್ಲಿ ಬಿಡುವುದೆಂದು ನಾನು ಎಣಿಸಿದ್ದೆ. ಆದರೆ ಅವ್ವ ಹಿಂದಿನ ರಾತ್ರಿಯೇ ಸೊಲ್ಲಾಪುರದ ಒಂದು ಖಾನಾವಳಿಯಲ್ಲಿ ಹೇಳಿ ಮಾಡಿಸಿದ್ದ ಅರವತ್ತು ಸಜ್ಜಿ ರೊಟ್ಟಿ, ಒಂದು ಡಬ್ಬಿ ಶೇಂಗಾ ಹಿಂಡಿ ಕಟ್ಟಿಕೊಂಡು ಬಂದಿದ್ದಳು. ನನಗೆ ಹೇಳಿರಲಿಲ್ಲ.

ಒಂದು ಮನೆಯ ಕಟ್ಟೆಯ ನೆರಳಿಗೆ ಅಪ್ಪನ ಸ್ಟೂಲು ಹಾಕಿಸಿದಳು. ರೊಟ್ಟಿಯ ಬುಟ್ಟಿಯನ್ನು ಅವರ ಮಡಿಲಿಗಿಟ್ಟಳು. "ನೀವು ಕೂತು ನೀಡ್ರಿ, ನಾ ಬೇಡ್ಕೊಂಡು ಬರ್ತೀನಿ" ಅಂದಳು. ಹನ್ನೆರಡಾಗುತ್ತಿದ್ದಂತೆ ಜನ ಬಂದರು. ಪುಣೆಯ ಕಡೆಯವರು, ಕಲಬುರಗಿಯವರು, ಹೈದರಾಬಾದಿನವರು, ಕಾರಿನಲ್ಲಿ ಬಂದವರು, ಊರೂರು ತಿರುಗುವವರು, ಎಲ್ಲರ ಕೈಯಲ್ಲೂ ಜೋಳಿಗೆ. ಅಪ್ಪ ಒಬ್ಬೊಬ್ಬರ ಮುಖ ನೋಡಿ, ಹಾಜರಿ ಹಾಕುವಂತೆ, ರೊಟ್ಟಿಯ ಮೇಲೆ ಚೂರು ಹಿಂಡಿ ಇಟ್ಟು ಕೊಟ್ಟರು. ನಲವತ್ತು ನಿಮಿಷ ಅವರು ಒಮ್ಮೆಯೂ ಕಾಲು ಬದಲಾಯಿಸಲಿಲ್ಲ, ಕೂತೇ ಇದ್ದರಲ್ಲ.

ಬುಟ್ಟಿಯಲ್ಲಿ ಮೂರೋ ನಾಲ್ಕೋ ಉಳಿದಿದ್ದಾಗ ಅವ್ವ ತಿರುಗಿ ಬಂದಳು. ನಾಲ್ಕು ಕಡೆ ಆಗಿತ್ತು, ಐದನೆಯದು ಬಾಕಿ ಇತ್ತು. ಸಾಲಿನಲ್ಲಿ ಮುಂದೆ ಇಬ್ಬರಿದ್ದರು, ಅವರ ಹಿಂದೆ ನಿಂತಳು. ತನ್ನ ಸರದಿ ಬಂದಾಗ ಸೆರಗು ತಲೆಯ ಮೇಲೆ ಎಳೆದುಕೊಂಡು ಜೋಳಿಗೆ ಒಡ್ಡಿದಳು. ಅಪ್ಪ ರೊಟ್ಟಿ ಎತ್ತಿಕೊಂಡವರು ತಲೆ ಎತ್ತಿ ನೋಡಿದರು.

"ಗುಳಿಗಿ ತಗೊಂಡೀಯಿಲ್ಲೋ?" ಎಂದು ಕೇಳಿ, ಎರಡು ಹಾಕಿದರು.